ಸಂಜೆ ಮನೆ ಸೇರಿದ ಮೊದಲ ಅರ್ಧ ಗಂಟೆ: ಸಿಡುಕದೆ ದಾಟುವ ಕ್ರಮ

ದಂಪತಿಗಳಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಮನೆಗೆ ಬಂದ ಮೇಲೆ ಕೂತು ಮಾತನಾಡಿ. ಈ ಸಲಹೆಯನ್ನು ನಂಬಿದವರೇ ಹೆಚ್ಚು ಜಗಳವಾಡುವುದನ್ನು ನಾನು ನೋಡಿದ್ದೇನೆ. ಚಪ್ಪಲಿ ಬಿಡುವ ಮೊದಲೇ ಮಾತು ಶುರುವಾಗುತ್ತದೆ. ಐದನೇ ನಿಮಿಷಕ್ಕೆ ಒಬ್ಬರ ದನಿ ಏರುತ್ತದೆ. ಹತ್ತನೇ ನಿಮಿಷಕ್ಕೆ ಅಡುಗೆಮನೆಯಲ್ಲಿ ಪಾತ್ರೆಗಳು ಮಾತನಾಡತೊಡಗುತ್ತವೆ. ಮರುದಿನ ಇಬ್ಬರೂ ‘ಇವತ್ತು ಸಿಡುಕಬಾರದು’ ಎಂದುಕೊಂಡೇ ಬಾಗಿಲು ತೆರೆಯುತ್ತಾರೆ. ಮತ್ತೆ ಅದೇ ಕಥೆ.

ತಪ್ಪು ಅವರ ಸ್ವಭಾವದಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕೆಲಸಗಳ ಕ್ರಮದಲ್ಲಿ ಇರುತ್ತದೆ. ಮಾತು ಕೊನೆಗೆ ಬರಬೇಕು. ಅದಕ್ಕೆ ಮೊದಲು ನೀರು, ಬಟ್ಟೆ, ಹೊಟ್ಟೆ ಮತ್ತು ಒಂದಿಷ್ಟು ಏಕಾಂತ ಆಗಿರಬೇಕು. ಕೆಳಗಿನ ಹಂತಗಳು ಆ ಕ್ರಮವನ್ನು ಹೇಳುತ್ತವೆ.

ಉದಾಹರಣೆಗೆ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಬೆಂಗಳೂರಿನ ವಿಜಯನಗರ, ಎರಡನೇ ಮಹಡಿಯ ಬಾಡಿಗೆ ಮನೆ. ಗಂಡನ ಕಚೇರಿ ವೈಟ್‌ಫೀಲ್ಡ್ ಕಡೆ. ಮೆಟ್ರೋದ ನೇರಳೆ ಮಾರ್ಗದಲ್ಲಿ ಊರಿನ ಒಂದು ತುದಿಯಿಂದ ಇನ್ನೊಂದು ತುದಿಯ ಹತ್ತಿರಕ್ಕೆ ಬರಬೇಕು. ಮೆಜೆಸ್ಟಿಕ್ ದಾಟುವ ತನಕ ನಿಂತೇ ಪ್ರಯಾಣ. ಮನೆ ಮುಟ್ಟುವಾಗ 7:40. ಹೆಂಡತಿ ಶಾಲಾ ಶಿಕ್ಷಕಿ. 5 ಗಂಟೆಗೇ ಬಂದಿರುತ್ತಾಳೆ. ಏಳು ವರ್ಷದ ಮಗಳ ಹೋಂವರ್ಕ್, ತಿದ್ದಬೇಕಾದ ನೋಟ್‌ಬುಕ್ಕುಗಳು, ರಾತ್ರಿಯ ಅಡುಗೆ. ಜೊತೆಗೆ ಅತ್ತೆ ಇದ್ದಾರೆ. ಇಬ್ಬರೂ ದಣಿದಿರುತ್ತಾರೆ, ಆದರೆ ದಣಿವಿನ ಬಗೆ ಬೇರೆ ಬೇರೆ. ಅವನಿಗೆ ಜನರಿಂದ ಬಿಡುವು ಬೇಕು. ಅವಳಿಗೆ ಕೈಯಲ್ಲಿರುವ ಹೊರೆಯನ್ನು ಯಾರಾದರೂ ಇಳಿಸಿಕೊಳ್ಳಬೇಕು. ಬಾಗಿಲು ತೆರೆದ ಕ್ಷಣದಲ್ಲಿ ಡಿಕ್ಕಿ ಹೊಡೆಯುವುದು ಈ ಎರಡು ಬೇಡಿಕೆಗಳೇ.

## ಮೊದಲು ಬೇಕಾದ ಸಾಮಾನು

ಹೆಚ್ಚೇನೂ ಬೇಡ. ಬಾಗಿಲ ಹತ್ತಿರ ಮೊಬೈಲ್ ಇಡಲು ಒಂದು ಬುಟ್ಟಿ. ತಕ್ಷಣ ತಿನ್ನುವಂಥದ್ದು ತುಂಬಿದ ಒಂದು ಡಬ್ಬಿ. ಫ್ರಿಜ್ ಬಾಗಿಲಿಗೆ ಅಂಟಿಸಿದ ಒಂದು ಚೀಟಿ, ದಾರ ಕಟ್ಟಿದ ಪೆನ್ನು. ಇಬ್ಬರಿಗೂ ಕಾಣುವ ಒಂದು ಗೋಡೆ ಗಡಿಯಾರ. ದಾರ ಕಟ್ಟುವುದು ತಮಾಷೆಗಲ್ಲ. ಪೆನ್ನು ಹುಡುಕಬೇಕಾಗಿ ಬಂದ ದಿನ ಯಾರೂ ಚೀಟಿಯಲ್ಲಿ ಬರೆಯುವುದಿಲ್ಲ, ಬಾಯಲ್ಲೇ ಹೇಳುತ್ತಾರೆ.

## ಹಂತ 1: ಭಾನುವಾರ ಬೆಳಿಗ್ಗೆ ಕಾಲು ಗಂಟೆ

ಈ ಕ್ರಮವನ್ನು ಸಂಜೆ ಹೊತ್ತಿನಲ್ಲಿ ಪರಿಚಯಿಸಬೇಡಿ. ಸಿಡುಕಿದ ನಂತರ ‘ನಾಳೆಯಿಂದ ಹೀಗೆ ಮಾಡೋಣ’ ಎಂದರೆ ಅದು ತೀರ್ಪಿನಂತೆ ಕೇಳಿಸುತ್ತದೆ. ರಜೆಯ ದಿನ ತಿಂಡಿ ಆದ ಮೇಲೆ ಕೂತುಕೊಳ್ಳಿ.

ಇಬ್ಬರೂ ಒಂದೊಂದು ವಾಕ್ಯವನ್ನು ಪೂರ್ತಿ ಮಾಡಬೇಕು: ‘ಸಂಜೆ ಮನೆಯಲ್ಲಿ ನನಗೆ ಮೊದಲು ಬೇಕಾಗಿರುವುದು...’ ನಮ್ಮ ಉದಾಹರಣೆಯ ಮನೆಯಲ್ಲಿ ಅವನು ‘ಯಾರೂ ಏನೂ ಕೇಳದ ಹತ್ತು ನಿಮಿಷ’ ಎಂದ. ಅವಳು ‘ಕುಕ್ಕರಿನ ವಿಷಲ್ ಬೇರೆಯವರು ಎಣಿಸಬೇಕು’ ಎಂದಳು. ಎಂಟು ವರ್ಷ ಸಂಸಾರ ಮಾಡಿದ ಮೇಲೂ ಇಬ್ಬರಿಗೂ ಇನ್ನೊಬ್ಬರ ಉತ್ತರ ಹೊಸದಾಗಿತ್ತು. ಅವಳಿಗೆ ಮಾತು ಬೇಕು ಎಂದು ಅವನು ತಿಳಿದಿದ್ದ. ಅದಕ್ಕೇ ಬಾಗಿಲಲ್ಲೇ ಕಷ್ಟಪಟ್ಟು ಮಾತು ತೆಗೆಯುತ್ತಿದ್ದ. ಅವಳಿಗೆ ಬೇಕಿದ್ದದ್ದು ಕೈ.

ಸಾಮಾನ್ಯ ತಪ್ಪು: ಈ ಕಾಲು ಗಂಟೆಯಲ್ಲಿ ಹಳೆಯ ಸಂಜೆಗಳ ಲೆಕ್ಕ ತೆಗೆಯುವುದು. ‘ಹೋದ ಬುಧವಾರ ನೀವು...’ ಎಂದು ಶುರುವಾದರೆ ಅಲ್ಲಿಗೇ ನಿಲ್ಲಿಸಿ. ಮುಂದಿನ ಸೋಮವಾರ ಯಾರು ಏನು ಮಾಡುತ್ತಾರೆ ಎಂಬುದಷ್ಟೇ ವಿಷಯ.

## ಹಂತ 2: ದಾರಿಯಿಂದ ಒಂದು ಸಂದೇಶ

ಮನೆ ಸೇರುವುದಕ್ಕೆ ಇಪ್ಪತ್ತು ನಿಮಿಷ ಮೊದಲು ಬರುವವರು ಒಂದು ಸಂದೇಶ ಕಳಿಸಬೇಕು. ಅದರಲ್ಲಿ ಎರಡೇ ಸಂಗತಿ: ಮುಟ್ಟುವ ಸಮಯ ಮತ್ತು ಒಳಗಿನ ಉರಿ. ಉರಿಗೆ ಗ್ಯಾಸ್ ಒಲೆಯ ಭಾಷೆ ಸಾಕು. ‘ಸಿಮ್’ ಎಂದರೆ ದಿನ ಪರವಾಗಿಲ್ಲ. ‘ಉರಿ ಹೆಚ್ಚು’ ಎಂದರೆ ಇವತ್ತು ನನ್ನನ್ನು ಸ್ವಲ್ಪ ಬಿಟ್ಟುಬಿಡಿ. ‘7:40. ಉರಿ ಹೆಚ್ಚು.’ ಇಷ್ಟೇ.

ಮನೆಯಲ್ಲಿರುವವರೂ ಅದೇ ಭಾಷೆಯಲ್ಲಿ ಉತ್ತರಿಸಬೇಕು. ಎಲ್ಲರೂ ಮರೆಯುವ ಭಾಗ ಇದು. ಹೊರಗಿನಿಂದ ಬರುವವರು ಮಾತ್ರ ದಣಿದಿರುತ್ತಾರೆ, ಮನೆಯಲ್ಲಿರುವವರು ವಿಶ್ರಾಂತಿಯಲ್ಲಿದ್ದಾರೆ ಎಂಬ ಎಣಿಕೆಯೇ ಅರ್ಧ ಜಗಳಗಳ ಬೇರು. ‘ಇಲ್ಲೂ ಉರಿ ಹೆಚ್ಚು’ ಎಂಬ ಉತ್ತರ ಬಂದರೆ ಮೆಟ್ರೋದಲ್ಲಿ ನಿಂತವನಿಗೆ ಒಂದು ಸಂಗತಿ ಮೊದಲೇ ತಿಳಿದಿರುತ್ತದೆ: ಇವತ್ತು ಮನೆಯಲ್ಲಿ ತನಗಾಗಿ ಕಾದಿರುವುದು ಆರೈಕೆಯಲ್ಲ, ಕೆಲಸ. ಬಾಗಿಲಲ್ಲಿ ತಿಳಿಯುವುದಕ್ಕಿಂತ ಇದು ಎಷ್ಟೋ ವಾಸಿ.

ಅಂದೇ ಮುಗಿಯಬೇಕಾದ ಕೆಲಸಗಳು ಇದ್ದರೆ ಇದೇ ಸಂದೇಶದಲ್ಲಿ ಸೇರಿಸಿ: ಹಾಲು ತರಬೇಕು, ಮಗುವಿಗೆ ಜ್ವರ ಇದೆ, ನಾಳೆ ಶಾಲೆಗೆ ಚಾರ್ಟ್ ಹಾಳೆ ಬೇಕು. ಅಂಗಡಿಗಳನ್ನು ದಾಟಿ ಎರಡು ಮಹಡಿ ಹತ್ತಿದ ಮೇಲೆ ‘ಹಾಲು ತಂದಿರಾ?’ ಎಂದು ಕೇಳಿದರೆ, ಉತ್ತರ ಏನೇ ಆಗಿರಲಿ, ಅದು ಸೌಮ್ಯವಾಗಿ ಬರುವುದಿಲ್ಲ.

ಹೇಳಿದ ಸಮಯಕ್ಕಿಂತ ಹದಿನೈದು ನಿಮಿಷ ತಡವಾಗುವುದಾದರೆ ಎರಡನೇ ಸಂದೇಶ ಕಡ್ಡಾಯ. ಒಬ್ಬಳೇ ಮನೆ ನಿಭಾಯಿಸುತ್ತಿರುವವಳು 7:40ರ ತನಕ ತಡೆಯುವ ಲೆಕ್ಕದಲ್ಲಿ ತನ್ನ ತಾಳ್ಮೆಯನ್ನು ಖರ್ಚು ಮಾಡಿರುತ್ತಾಳೆ. 8:10ಕ್ಕೆ ಅದರಲ್ಲಿ ಏನೂ ಉಳಿದಿರುವುದಿಲ್ಲ.

ಬೈಕ್ ಅಥವಾ ಕಾರು ಓಡಿಸುವವರು ಹೊರಡುವ ಮೊದಲು ಸಂದೇಶ ಕಳಿಸಿ. ಸಿಗ್ನಲ್‌ನಲ್ಲಿ ಟೈಪ್ ಮಾಡುವುದು ಬೇಡ.

## ಹಂತ 3: ಬಾಗಿಲ ಈಚೆ ಮೂರು ನಿಮಿಷ

ಕಚೇರಿಯ ಕರೆಯನ್ನು ಕಿವಿಯಲ್ಲಿಟ್ಟುಕೊಂಡು ಮನೆಯೊಳಗೆ ಬರಬೇಡಿ. ಓಡಿಬಂದ ಮಗುವಿಗೆ ಕೈಸನ್ನೆಯಲ್ಲಿ ‘ತಡಿ’ ಎನ್ನುವುದು, ಹೆಂಡತಿಯ ಮುಖ ನೋಡದೆ ಕೋಣೆಗೆ ಹೋಗುವುದು, ಇವು ಹತ್ತು ಸೆಕೆಂಡಿನ ಸಂಗತಿಗಳಾದರೂ ಮುಂದಿನ ಅರ್ಧ ಗಂಟೆಯನ್ನು ಕೆಡಿಸುತ್ತವೆ. ಕರೆ ಮುಗಿಯದಿದ್ದರೆ ಕೆಳಗೇ ನಿಂತು ಮುಗಿಸಿ.

ಆಮೇಲೆ ಗೇಟಿನ ಹತ್ತಿರ ಅಥವಾ ನಿಲ್ಲಿಸಿದ ಬೈಕಿನ ಮೇಲೆ ಕೂತು ಮೂರು ನಿಮಿಷ. ಧ್ಯಾನವೇನೂ ಬೇಕಿಲ್ಲ. ನಾಳೆ ಬೆಳಿಗ್ಗೆ ಮೊದಲು ಮಾಡಬೇಕಾದ ಕೆಲಸವನ್ನು ಮೊಬೈಲಿನಲ್ಲಿ ಒಂದು ಸಾಲು ಬರೆದಿಡಿ. ಮುಗಿಯದ ಕೆಲಸ ತಲೆಯಲ್ಲಿ ತಿರುಗುತ್ತಿರುವುದು ಎಲ್ಲಿ ಮರೆತುಹೋಗುತ್ತದೋ ಎಂಬ ಅಂಜಿಕೆಯಿಂದ. ಬರೆದಿಟ್ಟರೆ ಅದು ಸ್ವಲ್ಪ ಸುಮ್ಮನಾಗುತ್ತದೆ. ನಂತರ ಮೆಟ್ಟಿಲನ್ನು ನಿಧಾನವಾಗಿ ಹತ್ತಿ.

ಎಚ್ಚರಿಕೆ: ಮೂರು ನಿಮಿಷ ಇಪ್ಪತ್ತಾಗುತ್ತಿದ್ದರೆ, ಕೆಳಗಿನ ಚಹಾ ಅಂಗಡಿಯಲ್ಲಿ ದಿನವೂ ಹೊತ್ತು ಕಳೆಯುತ್ತಿದ್ದರೆ, ಅದು ತಯಾರಿ ಅಲ್ಲ, ತಪ್ಪಿಸಿಕೊಳ್ಳುವಿಕೆ. ಮೇಲಿನ ಬಾಲ್ಕನಿಯಿಂದ ಬೈಕ್ ಕಾಣಿಸುತ್ತದೆ ಎಂಬುದನ್ನೂ ನೆನಪಿಡಿ.

## ಹಂತ 4: ಬಾಗಿಲಲ್ಲಿ ಪ್ರಶ್ನೆ ಬೇಡ

ನಮ್ಮ ಹಳ್ಳಿಮನೆಗಳಲ್ಲಿ ಬಂದವರಿಗೆ ಮೊದಲು ಕಾಲಿಗೆ ನೀರು, ಆಮೇಲೆ ಬೆಲ್ಲ ಮತ್ತು ಕುಡಿಯಲು ನೀರು. ಅದು ಮುಗಿಯುವ ತನಕ ‘ಬಂದ ಕಾರಣವೇನು’ ಎಂದು ಯಾರೂ ಕೇಳುತ್ತಿರಲಿಲ್ಲ. ಬಿಸಿಲಲ್ಲಿ ನಡೆದು ಬಂದವನನ್ನು ಮಾತನಾಡಿಸುವ ಕ್ರಮ ಅದು. ನೆಂಟರಿಗೆ ತೋರುತ್ತಿದ್ದ ಆ ನಿಧಾನವನ್ನು ಮನೆಯವರಿಗೂ ತೋರಿಸುವುದಷ್ಟೇ ಈ ಹಂತ.

ಮೊದಲ ಎರಡು ನಿಮಿಷ ಇಬ್ಬರೂ ಪ್ರಶ್ನೆ ಕೇಳಬಾರದು. ‘ಯಾಕೆ ಇಷ್ಟು ತಡ?’, ‘ಕರೆಂಟ್ ಬಿಲ್ ಕಟ್ಟಿದಿರಾ?’, ‘ಇವಳು ಇನ್ನೂ ಊಟ ಮಾಡಿಲ್ಲವೇ?’, ‘ಇದೇನು ಮನೆ ಹೀಗಿದೆ?’ ಇವೆಲ್ಲ ಕೇಳುವವರಿಗೆ ಮಾಹಿತಿ, ಕೇಳಿಸಿಕೊಳ್ಳುವವರಿಗೆ ತನಿಖೆ. ‘ಬಂದಿರಾ, ಬನ್ನಿ’ ಸಾಕು. ಒಳಬರುವವನು ‘ಸಾರಿನ ಪರಿಮಳ ಮೆಟ್ಟಿಲಿನ ತನಕ ಬಂದಿದೆ’ ಎನ್ನಬಹುದು, ಅದು ನಿಜವಾಗಿದ್ದರೆ ಮಾತ್ರ. ಏನೂ ತೋಚದಿದ್ದರೆ ಮುಖ ನೋಡಿ, ಹೆಸರು ಹಿಡಿದು ಕರೆದು, ಮೊಬೈಲನ್ನು ಬುಟ್ಟಿಗೆ ಹಾಕಿ. ಮೊಬೈಲ್ ಬುಟ್ಟಿಗೆ ಬೀಳುವ ಸದ್ದು ಯಾವ ಮಾತಿಗೂ ಕಡಿಮೆಯಲ್ಲ.

ಆರಂಭಕ್ಕೆ ಇಷ್ಟು ಒತ್ತು ಯಾಕೆ ಎಂದರೆ, ಮಾತು ಹೇಗೆ ಹತ್ತಿಕೊಳ್ಳುತ್ತದೋ ಬಹುಪಾಲು ಹಾಗೇ ಮುಗಿಯುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ಮತ್ತು ಸಿಬಿಲ್ ಕರೇರ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ದಂಪತಿಗಳಿಗೆ ಭಿನ್ನಾಭಿಪ್ರಾಯದ ಒಂದು ವಿಷಯ ಕೊಟ್ಟು ಹದಿನೈದು ನಿಮಿಷ ಮಾತನಾಡಲು ಬಿಟ್ಟಿದ್ದರು. ಮುಂದೆ ಬೇರೆಯಾದವರಿಗೂ ಜೊತೆಯಲ್ಲೇ ಉಳಿದವರಿಗೂ ಇದ್ದ ವ್ಯತ್ಯಾಸ ಆ ಮಾತಿನ ಮೊದಲ ಮೂರು ನಿಮಿಷದಲ್ಲೇ ಕಾಣಿಸಿತ್ತು.

ಮಗು ಇರುವ ಮನೆಯಲ್ಲಿ ಬಾಗಿಲ ಬಳಿಯ ಮುಂದಿನ ಐದು ನಿಮಿಷ ಮಗುವಿನದು. ಅದನ್ನು ತಡೆಯಲು ಹೋಗಬೇಡಿ. ತಂದೆ ನೆಲದ ಮೇಲೆ ಕೂತು ಮಗಳ ಚಿತ್ರ ನೋಡಿದರೆ ಅವಳು ತಾನಾಗಿಯೇ ಆಟಕ್ಕೆ ಮರಳುತ್ತಾಳೆ. ‘ಆಮೇಲೆ’ ಎಂದು ಕಳಿಸಿದರೆ ಮುಂದಿನ ಇಪ್ಪತ್ತು ನಿಮಿಷ ಸೆರಗು ಹಿಡಿದು, ಅಂಗಿ ಎಳೆದು ವಸೂಲಿ ಮಾಡುತ್ತಾಳೆ.

ಹಿರಿಯರ ವಿಷಯ ಸೂಕ್ಷ್ಮ. ಮಧ್ಯಾಹ್ನ ಬಂದಿದ್ದ ನೆಂಟರ ಸುದ್ದಿ, ಮೊಣಕಾಲು ನೋವು, ಕೆಲಸದವಳು ರಜೆ ಹಾಕಿದ್ದು, ಇವೆಲ್ಲವನ್ನೂ ಅತ್ತೆ ಸಂಜೆಯ ತನಕ ಮಗನಿಗಾಗಿ ಕೂಡಿಟ್ಟಿರುತ್ತಾರೆ. ಸೊಸೆ ಅವರನ್ನು ತಡೆದರೆ ಇನ್ನೊಂದು ಜಗಳ. ಈ ಮಾತನ್ನು ಮಗನೇ ಹೇಳಬೇಕು, ಅದೂ ಭಾನುವಾರ: ‘ಅಮ್ಮ, ಕೈಕಾಲು ತೊಳೆದು ನಿನ್ನ ಹತ್ತಿರವೇ ಬಂದು ಕೂರುತ್ತೇನೆ.’ ಹೇಳಿದ ಮೇಲೆ ಹೋಗಿ ಕೂರಬೇಕು. ಎರಡು ದಿನ ತಪ್ಪಿದರೆ ಮೂರನೇ ದಿನ ಅವರು ಮತ್ತೆ ಬಾಗಿಲಿಗೇ ಬರುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

## ಹಂತ 5: ನೀರು, ಬಟ್ಟೆ, ಹೊಟ್ಟೆ

ಎಂಟು ನಿಮಿಷ ಬಚ್ಚಲುಮನೆಗೆ. ಸ್ನಾನವಾಗದಿದ್ದರೆ ಮುಖ ಮತ್ತು ಕಾಲು ತೊಳೆದು ಮನೆಬಟ್ಟೆ ಹಾಕಿಕೊಳ್ಳಿ. ಕಚೇರಿಯ ಪ್ಯಾಂಟಿನಲ್ಲೇ ಸೋಫಾಗೆ ಒರಗಿದವನು ಕಚೇರಿಯ ದನಿಯಲ್ಲೇ ಮಾತನಾಡುತ್ತಾನೆ. ಬೆಲ್ಟು ಬಿಚ್ಚಿ ಲುಂಗಿ ಸುತ್ತಿದ ಮೇಲೆ ಅದೇ ಮನುಷ್ಯ ಬೇರೆ.

ನಂತರ ಹೊಟ್ಟೆ. ಒಂದು ಗಂಟೆಗೆ ಊಟ ಮಾಡಿದವನು 7:40ಕ್ಕೆ ಆರೂವರೆ ಗಂಟೆ ಕಳೆದಿರುತ್ತಾನೆ, ನಡುವೆ ಎರಡು ಲೋಟ ಸಕ್ಕರೆ ಕಾಫಿ ಬಿಟ್ಟರೆ ಏನೂ ಇಲ್ಲ. ರಾತ್ರಿ ಊಟ 9 ಗಂಟೆಗೆ. ಈ ನಡುವೆ ಹಸಿವು ಸಿಟ್ಟಿನ ವೇಷ ಹಾಕಿಕೊಂಡು ಬರುತ್ತದೆ. ಡಬ್ಬಿಯಲ್ಲಿ ಕಡಲೆಪುರಿ ಮತ್ತು ಹುರಿದ ಶೇಂಗಾ ಇರಲಿ, ಪಕ್ಕದಲ್ಲಿ ಬಾಳೆಹಣ್ಣು. ಎರಡು ಹಿಡಿ ಪುರಿ, ಒಂದು ಹಿಡಿ ಶೇಂಗಾ ಸಾಕು, ಊಟ ಕೆಡುವುದಿಲ್ಲ. ಬಜ್ಜಿ ಕರಿಯಲು ಹೋಗಬೇಡಿ. ಈ ಅರ್ಧ ಗಂಟೆಯಲ್ಲಿ ಒಲೆಯ ಮುಂದೆ ಇನ್ನೊಂದು ಕೆಲಸ ಹುಟ್ಟಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ಕಾಫಿಯ ಬಗ್ಗೆ ನನ್ನ ಮಾತು ಹಲವರಿಗೆ ಹಿಡಿಸುವುದಿಲ್ಲ. ಕೆಫೀನ್ ದೇಹದಲ್ಲಿ ಅರ್ಧಕ್ಕೆ ಇಳಿಯಲು ಹೆಚ್ಚಿನ ವಯಸ್ಕರಲ್ಲಿ ಸುಮಾರು ಐದು ಗಂಟೆ ಬೇಕು. 7:50ಕ್ಕೆ ಕುಡಿದ ಗಟ್ಟಿ ಡಿಕಾಕ್ಷನ್ನಿನ ಅರ್ಧ ಭಾಗ ರಾತ್ರಿ ಒಂದು ಗಂಟೆ ಹೊತ್ತಿಗೂ ಮೈಯಲ್ಲೇ ಇರುತ್ತದೆ. ನಿದ್ದೆ ತೆಳುವಾಗುತ್ತದೆ, ಮರುದಿನ ಸಂಜೆಯ ಸಿಡುಕು ಅಲ್ಲೇ ಮೊಳೆಯುತ್ತದೆ. ಕೊತ್ತಂಬರಿ ಜೀರಿಗೆಯ ಕಷಾಯ ಅಥವಾ ಮಜ್ಜಿಗೆಗೆ ಬದಲಿಸಿ. ಕಾಫಿ ಬಿಡಲಾಗದಿದ್ದರೆ ಅರ್ಧ ಲೋಟಕ್ಕೆ ಇಳಿಸಿ, ಡಿಕಾಕ್ಷನ್ ಕಡಿಮೆ ಮಾಡಿ.

ಇಲ್ಲಿನ ದೊಡ್ಡ ತಪ್ಪು: ಹೊರಗಿನಿಂದ ಬಂದವರಿಗೆ ಮಾತ್ರ ಬಡಿಸುವುದು. 12:30ಕ್ಕೆ ಶಾಲೆಯ ಸ್ಟಾಫ್ ರೂಮಿನಲ್ಲಿ ಡಬ್ಬಿ ತೆರೆದವಳು ಅವನಿಗಿಂತ ಹೆಚ್ಚು ಹೊತ್ತು ಹಸಿದಿರುತ್ತಾಳೆ. ಮಗುವಿಗೆ ತಿನ್ನಿಸಿ, ಅತ್ತೆಗೆ ಕೊಟ್ಟು, ತಾನು ಮರೆತಿರುತ್ತಾಳೆ. ತಟ್ಟೆ ಒಂದೇ ಇರಲಿ, ಇಬ್ಬರೂ ಕೂತು ತಿನ್ನಬೇಕು. ಅವಳು ನಿಂತುಕೊಂಡೇ ಬಾಯಿಗೆ ಹಾಕಿಕೊಂಡರೆ ಅದು ಈ ಹಂತದ ಲೆಕ್ಕಕ್ಕೆ ಬರುವುದಿಲ್ಲ.

## ಹಂತ 6: ಎಂಟಕ್ಕೆ ಎಂಟು

ಅವನಿಗೆ ಬಚ್ಚಲುಮನೆಯಲ್ಲಿ ಎಂಟು ನಿಮಿಷ ಸಿಕ್ಕಿತು. ಯಾರೂ ಏನೂ ಕೇಳದ ಎಂಟು ನಿಮಿಷ. ಅಷ್ಟೇ ಹೊತ್ತು ಅವಳಿಗೂ ಸಿಗಬೇಕು. ಹೆಚ್ಚಿನ ಮನೆಗಳಲ್ಲಿ ಕ್ರಮ ಮುರಿದುಬೀಳುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅವನು ಬಚ್ಚಲಿನಿಂದ ಬಂದು, ತಿಂದು ಮುಗಿಸಿದ ಕೂಡಲೇ ಹೊರೆ ಕೈ ಬದಲಾಯಿಸಬೇಕು. ‘ಏನಾದರೂ ಮಾಡಬೇಕಾ?’ ಎಂದು ಕೇಳಬಾರದು. ಆ ಪ್ರಶ್ನೆಯಲ್ಲಿ ಕೆಲಸ ಹುಡುಕಿ ಕೊಡುವ ಕೆಲಸವೂ ಅವಳ ಮೇಲೇ ಬೀಳುತ್ತದೆ. ಯಾವ ಕೆಲಸ ಎಂಬುದು ಭಾನುವಾರವೇ ನಿರ್ಧಾರವಾಗಿರಬೇಕು. ಈ ಮನೆಯಲ್ಲಿ ಒಲೆ ಮತ್ತು ಮಗು ಎರಡೂ 7:58ರಿಂದ 8:06ರ ತನಕ ಅವನದು. ಅವಳು ಒಪ್ಪಿಸುವಾಗ ಒಂದೇ ವಾಕ್ಯ: ‘ಎರಡು ವಿಷಲ್ ಆಗಿದೆ, ಇನ್ನೊಂದಾದ ಮೇಲೆ ಆರಿಸಿ.’ ಆಮೇಲೆ ಕೋಣೆಗೆ ಅಥವಾ ತಾರಸಿಗೆ ಹೋಗಿಬಿಡಬೇಕು. ಅಡುಗೆಮನೆಯಲ್ಲೇ ನಿಂತು ಅವನು ಒಗ್ಗರಣೆ ಹಾಕುವುದನ್ನು ನೋಡುತ್ತಿದ್ದರೆ ಅದು ಬಿಡುವಲ್ಲ, ಮೇಲ್ವಿಚಾರಣೆ. ಸಾಸಿವೆ ಸ್ವಲ್ಪ ಸೀದರೆ ಸೀಯಲಿ.

ಮೊದಲು ಯಾರ ಬಿಡುವು ಎಂಬುದಕ್ಕೂ ನಿಯಮ ಬೇಕು. ಸಂದೇಶದಲ್ಲಿ ‘ಉರಿ ಹೆಚ್ಚು’ ಎಂದವರಿಗೆ ಮೊದಲು. ಇಬ್ಬರೂ ಹಾಗೆಂದಿದ್ದರೆ ಮನೆಯಲ್ಲಿದ್ದವರಿಗೆ ಮೊದಲು. ಬಂದವನು ಕೈಕಾಲು ತೊಳೆದು ನೇರ ಒಲೆಯ ಮುಂದೆ ನಿಲ್ಲುತ್ತಾನೆ, ಅವನ ಬಚ್ಚಲು ಆಮೇಲೆ. ಮೆಟ್ರೋದಲ್ಲಿ ನಿಂತು ಬಂದವನಿಗೆ ಇದು ಅನ್ಯಾಯ ಎನ್ನಿಸಬಹುದು. ಆದರೆ ಮೆಟ್ರೋದಲ್ಲಿ ಯಾರೂ ಅವನನ್ನು ‘ಅಮ್ಮಾ’ ಎಂದು ಕೂಗುವುದಿಲ್ಲ.

ಬಿಡುವಿನಲ್ಲಿರುವವರು ಅದನ್ನು ಹೇಳಿ ಹೋಗಬೇಕು, ಮರಳುವ ಹೊತ್ತನ್ನೂ ಹೇಳಬೇಕು: ‘8:06ಕ್ಕೆ ಬಂದು ಕೂರುತ್ತೇನೆ.’ ಹೇಳದೆ ಸುಮ್ಮನಾದರೆ ಅದು ಕೋಪ ಎಂದೇ ಓದಿಸಿಕೊಳ್ಳುತ್ತದೆ. ಸುಮ್ಮನಾಗುವುದು ಸ್ವತಃ ಕೆಟ್ಟದ್ದಲ್ಲ. ರೀನಾ ರೆಪೆಟ್ಟಿ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1989ರಲ್ಲಿ ವಿಮಾನ ಸಂಚಾರ ನಿಯಂತ್ರಕರ ಮನೆಗಳ ಸಂಜೆಗಳ ಬಗ್ಗೆ ಅಧ್ಯಯನ ಪ್ರಕಟಿಸಿದರು. ಕೆಲಸದ ಒತ್ತಡ ಹೆಚ್ಚಿದ್ದ ದಿನ ಅವರು ಮನೆಯಲ್ಲಿ ಹೆಚ್ಚು ಒಳಸರಿಯುತ್ತಿದ್ದರು. ಅದಕ್ಕೆ ಸಂಗಾತಿಯ ಆಸರೆ ಸಿಕ್ಕಾಗ ಸಿಟ್ಟು ತೋರುವುದು ಕಡಿಮೆಯಾಗುತ್ತಿತ್ತು. ಅಂದರೆ ದಣಿದ ದಿನದ ಮೌನ ಬೇಸರದ ಗುರುತಾಗಿರಲೇಬೇಕೆಂದಿಲ್ಲ. ಹೊರಗಿನವರಿಗೆ ಆ ವ್ಯತ್ಯಾಸ ತಿಳಿಯುವುದು ಹೇಳಿದರೆ ಮಾತ್ರ.

ಎಚ್ಚರಿಕೆಯ ಗುರುತು: ಹೇಳಿದ ಹೊತ್ತಿಗೆ ಯಾರೋ ಒಬ್ಬರು ಮರಳುತ್ತಿಲ್ಲ. ವಾರದಲ್ಲಿ ಎರಡು ಬಾರಿ ಹೀಗಾದರೆ ಕಾರಣ ಬಹುತೇಕ ಮೊಬೈಲ್. ಬಿಡುವಿಗೆ ಹೋಗುವಾಗಲೂ ಅದು ಬುಟ್ಟಿಯಲ್ಲೇ ಇರಬೇಕು. ಎಂಟು ನಿಮಿಷದ ರೀಲ್ಸ್ ಎಂಬುದು ಲೋಕದಲ್ಲಿ ಇಲ್ಲ.

## ಹಂತ 7: ಈಗ ಮಾತು, ಆದರೆ ಮನೆಯದಲ್ಲ

8:06. ಹೊಟ್ಟೆಗೆ ಏನೋ ಬಿದ್ದಿದೆ, ಇಬ್ಬರಿಗೂ ಉಸಿರು ಸಿಕ್ಕಿದೆ. ಈಗ ಒಬ್ಬೊಬ್ಬರಿಗೂ ಎರಡೆರಡು ನಿಮಿಷ. ವಿಷಯ ಹೊರಗಿನ ದಿನ ಮಾತ್ರ. ಬಿಲ್ಲು, ಬಾಡಿಗೆ, ಮಗುವಿನ ಅಂಕ, ಅತ್ತೆಯ ಮಾತು, ತವರಿಗೆ ಹೋಗುವ ದಿನಾಂಕ ಇವು ಯಾವುವೂ ಇಲ್ಲಿ ಬರಬಾರದು. ಅವು ನೆನಪಾದರೆ ಫ್ರಿಜ್ಜಿನ ಚೀಟಿಗೆ.

ಕೇಳುವವರ ಕೆಲಸ ಪಕ್ಷ ವಹಿಸುವುದು. ಅವಳು ಹೇಳುತ್ತಾಳೆ: ‘ಇವತ್ತು ಎಲ್ಲರೆದುರು ನನ್ನ ಪಾಠಯೋಜನೆ ಸರಿಯಿಲ್ಲ ಎಂದುಬಿಟ್ಟರು.’ ಅವನ ಬಾಯಿಗೆ ಮೊದಲು ಬರುವುದು ಪರಿಹಾರ: ‘ಹಿಂದಿನ ದಿನವೇ ತೋರಿಸಬಾರದಿತ್ತಾ?’ ಇದು ಒಳ್ಳೆಯ ಸಲಹೆಯೇ ಇರಬಹುದು. ಆದರೆ ಈ ಹೊತ್ತಿನಲ್ಲಿ ಅದರ ಅರ್ಥ ‘ನಿನ್ನದೂ ತಪ್ಪಿದೆ’ ಎಂದಾಗುತ್ತದೆ. ‘ಎಲ್ಲರೆದುರು ಹೇಳುವ ಅಗತ್ಯವೇ ಇರಲಿಲ್ಲ’ ಎಂದರೆ ಮಾತು ಅಲ್ಲಿಗೆ ತಣ್ಣಗಾಗುತ್ತದೆ. ಸಲಹೆ ಬೇಕಾದರೆ ಅವಳೇ ಕೇಳುತ್ತಾಳೆ, ಬಹುಶಃ ಊಟ ಆದ ಮೇಲೆ. ಅವನ ಸರದಿಯಲ್ಲೂ ಇದೇ ನಿಯಮ: ‘ಹಾಗಾದರೆ ಆ ಕೆಲಸ ಬಿಟ್ಟುಬಿಡಿ’ ಎನ್ನುವುದು ಸಹಾನುಭೂತಿಯಲ್ಲ, ಸಂಭಾಷಣೆಗೆ ಬೀಗ.

ಫ್ರಿಜ್ಜಿನ ಚೀಟಿ ತೆರೆಯುವುದು 9:30ಕ್ಕೆ, ಮಗು ಮಲಗಿದ ಮೇಲೆ. ಒಂದು ರಾತ್ರಿಗೆ ಎರಡೇ ವಿಷಯ. ಚೀಟಿಯಲ್ಲಿ ಬರೆಯುವುದಕ್ಕೂ ಒಂದು ಮಿತಿ ಇದೆ: ‘ಕರೆಂಟ್ ಬಿಲ್, ಕೊನೆ ದಿನ 18’ ಸರಿ. ‘ಬಿಲ್ ಕಟ್ಟುವ ಜವಾಬ್ದಾರಿ ಯಾರಿಗೂ ಇಲ್ಲ’ ಎಂದು ಬರೆದರೆ ಜಗಳ ಬಾಯಿಂದ ಕಾಗದಕ್ಕೆ ಜಾಗ ಬದಲಿಸಿತಷ್ಟೆ.

## ಕ್ರಮ ತಪ್ಪಿದ ಒಂದು ಸಂಜೆ

ಎರಡನೇ ವಾರದ ಗುರುವಾರ. ಅವನ ಮೊಬೈಲಿನ ಚಾರ್ಜ್ ಮುಗಿದಿತ್ತು, ಸಂದೇಶ ಹೋಗಲಿಲ್ಲ. ಮುಟ್ಟಿದ್ದು 8:20ಕ್ಕೆ. ಅವಳು ಬಾಗಿಲಲ್ಲೇ ‘ಒಂದು ಫೋನ್ ಮಾಡಲೂ ಆಗುವುದಿಲ್ಲವೇ ನಿಮಗೆ?’ ಎಂದಳು. ಅವನು ‘ಬಂದ ಕೂಡಲೇ ಶುರು ಮಾಡಿದೆಯಾ?’ ಎಂದ. ಅವಳು ‘ಯಾವಾಗಲೂ ಹೀಗೇ’ ಎಂದಳು.

‘ಯಾವಾಗಲೂ’, ‘ಒಂದು ದಿನವಾದರೂ’, ‘ನಿಮ್ಮ ಮನೆಯವರು’. ಈ ಮೂರರಲ್ಲಿ ಯಾವುದು ಕೇಳಿಸಿದರೂ ಮಾತು ಇಂದಿನ ಸಂಜೆಯನ್ನು ದಾಟಿ ಹೋಯಿತು ಎಂದು ತಿಳಿಯಿರಿ. ಉಳಿದ ಗುರುತುಗಳು ದೇಹದಲ್ಲಿ: ದವಡೆ ಬಿಗಿ, ಕಿವಿ ಬಿಸಿ, ಇನ್ನೊಬ್ಬರ ವಾಕ್ಯ ಮುಗಿಯುವ ಮೊದಲೇ ಉತ್ತರ ಸಿದ್ಧ. ಗಾಟ್‌ಮನ್ ಮತ್ತು ಅವರ ಜೊತೆಗಾರ ರಾಬರ್ಟ್ ಲೆವೆನ್ಸನ್ ತಮ್ಮ ಪ್ರಯೋಗಾಲಯದಲ್ಲಿ ಜಗಳವಾಡುವ ದಂಪತಿಗಳ ಎದೆಬಡಿತವನ್ನು ಅಳೆಯುತ್ತಿದ್ದರು. ನಿಮಿಷಕ್ಕೆ ನೂರು ದಾಟಿದ ಮೇಲೆ ಎದುರಿನವರ ಮಾತು ಸರಿಯಾಗಿ ತಲೆಗೆ ಹೋಗುವುದಿಲ್ಲ, ದೇಹ ತಣಿಯಲು ಕನಿಷ್ಠ ಇಪ್ಪತ್ತು ನಿಮಿಷ ಬೇಕು ಎಂಬುದು ಗಾಟ್‌ಮನ್ ಹೇಳುವ ಮಾತು. ಮಣಿಕಟ್ಟಿನ ನಾಡಿಯನ್ನು ಹದಿನೈದು ಸೆಕೆಂಡು ಎಣಿಸಿ. ಇಪ್ಪತ್ತೈದು ಬಂದರೆ ನೂರು. (ಎರಡು ಮಹಡಿ ಹತ್ತಿದ ಕೂಡಲೇ ಎಣಿಸಬೇಡಿ. ಅದು ಮೆಟ್ಟಿಲಿನ ಲೆಕ್ಕ.)

ಆ ಗುರುವಾರ ಅವರು ಮಾಡಿದ್ದು ಇಷ್ಟು. ಅವನು ‘ಉರಿ ಹೆಚ್ಚು, 8:45ಕ್ಕೆ ಮಾತನಾಡೋಣ’ ಎಂದ. ಅವಳು ಉತ್ತರಿಸಲಿಲ್ಲ, ತಡೆಯಲೂ ಇಲ್ಲ. ಅವನು ಮಗಳಿಗೆ ಊಟ ಬಡಿಸಿದ. ಅವಳು ತಾರಸಿಗೆ ಹೋಗಿ ಒಣಗಿದ ಬಟ್ಟೆ ತೆಗೆದಳು. ಇಪ್ಪತ್ತು ನಿಮಿಷವನ್ನು ಇಂಥ ಕೈಕೆಲಸಕ್ಕೇ ಬಳಸಬೇಕು. ಕೋಣೆಯಲ್ಲಿ ಮಲಗಿ ಮುಂದಿನ ಉತ್ತರವನ್ನು ಕಟ್ಟುತ್ತಿದ್ದರೆ ಎದೆಬಡಿತ ಇಳಿಯುವುದಿಲ್ಲ, ತಂಗಿಗೆ ಫೋನ್ ಮಾಡಿ ದೂರು ಹೇಳಿದರೂ ಇಳಿಯುವುದಿಲ್ಲ. 8:45ಕ್ಕೆ ಅವನು ‘ಚಾರ್ಜ್ ಇರಲಿಲ್ಲ. ಆದರೆ ಪಕ್ಕದವರ ಫೋನ್ ಕೇಳಬಹುದಿತ್ತು’ ಎಂದ. ಅವಳು ‘ಏನಾಯಿತೋ ಎಂದು ಹೆದರಿದ್ದೆ’ ಎಂದಳು. ಹೆದರಿಕೆ ಬಾಗಿಲಲ್ಲಿ ಸಿಟ್ಟಾಗಿ ಹೊರಬಂದಿತ್ತು. ಮರುದಿನ ಅವನ ಚೀಲಕ್ಕೆ ಒಂದು ಪವರ್ ಬ್ಯಾಂಕ್ ಸೇರಿತು.

ಮಾತು ನಿಲ್ಲಿಸಿದವರೇ ಹೇಳಿದ ಹೊತ್ತಿಗೆ ಅದನ್ನು ಮತ್ತೆ ಎತ್ತಬೇಕು ಎಂಬುದು ಇಲ್ಲಿನ ಮುಖ್ಯ ನಿಯಮ. ಎತ್ತದೆ ಮಲಗಿದರೆ ಮುಂದಿನ ಸಲ ‘ಆಮೇಲೆ ಮಾತನಾಡೋಣ’ ಎಂಬುದನ್ನು ಯಾರೂ ನಂಬುವುದಿಲ್ಲ.

## ಈ ಕ್ರಮ ಕೆಲಸ ಮಾಡದ ಕಡೆ

ಮನೆಗೆ ಬರುವವರ ಹೆಜ್ಜೆ ಸದ್ದಿಗೆ ಇನ್ನೊಬ್ಬರು ಹೆದರುತ್ತಿದ್ದರೆ, ಕೈ ಎತ್ತುವುದು, ವಸ್ತು ಎಸೆಯುವುದು, ಕುಡಿದು ಬಂದು ಕೂಗಾಡುವುದು ಇದ್ದರೆ ಇದು ದಣಿವಿನ ಸಿಡುಕಲ್ಲ. ಅಲ್ಲಿ ಬುಟ್ಟಿ, ಚೀಟಿ ಯಾವುದೂ ಉಪಯೋಗಕ್ಕೆ ಬರುವುದಿಲ್ಲ. ಮಹಿಳಾ ಸಹಾಯವಾಣಿ 181 ಇದೆ. ಬಿಡುವು ಸಿಕ್ಕರೂ, ರಜೆಯ ದಿನವೂ, ಎರಡು ವಾರಕ್ಕಿಂತ ಹೆಚ್ಚು ಕಾಲ ಒಬ್ಬರಿಗೆ ಯಾವುದರಲ್ಲೂ ಮನಸ್ಸಿಲ್ಲದೆ, ನಿದ್ದೆ ಕೆಟ್ಟಿದ್ದರೆ ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೂ ಆಗುತ್ತದೆ.

ಮನೆಯಿಂದಲೇ ಕೆಲಸ ಮಾಡುವವರಿಗೆ ಬೇರೆ ತೊಡಕು. ಅವರಿಗೆ ಮೆಟ್ರೋ ಇಲ್ಲ, ಮೆಟ್ಟಿಲಿಲ್ಲ, ಬಾಗಿಲೇ ಇಲ್ಲ. ಲ್ಯಾಪ್‌ಟಾಪ್ ಮುಚ್ಚಿದ ಮರುಕ್ಷಣ ಕೋಣೆಯಿಂದ ಹೊರಬಂದವರು ಇನ್ನೂ ಮೀಟಿಂಗಿನಲ್ಲೇ ಇರುತ್ತಾರೆ. ಅವರು ಒಂದು ಬಾಗಿಲನ್ನು ಮಾಡಿಕೊಳ್ಳಬೇಕು. ನನ್ನ ಪರಿಚಯದ ಒಬ್ಬರು ದಿನವೂ 6:30ಕ್ಕೆ ಲ್ಯಾಪ್‌ಟಾಪನ್ನು ಬೀರುವಿನಲ್ಲಿಟ್ಟು, ಅಂಗಿ ಬದಲಿಸಿ, ಹಿತ್ತಿಲ ಗೇಟಿನಿಂದ ಹೊರಟು ಮರುದಿನದ ಹಾಲಿಗೆ ಎರಡು ಬೀದಿ ಆಚೆಯ ಬೂತಿಗೆ ನಡೆದುಹೋಗುತ್ತಾರೆ. ಮನೆಯ ಪಕ್ಕದಲ್ಲೇ ಹಾಲು ಸಿಗುತ್ತದೆ. ಹನ್ನೆರಡು ನಿಮಿಷ ಕಳೆದು ಮುಂಬಾಗಿಲಿಗೆ ಬಂದು ಬೆಲ್ ಒತ್ತುತ್ತಾರೆ, ಜೇಬಿನಲ್ಲಿ ಕೀಲಿಕೈ ಇದ್ದರೂ.